ಲಾಗ್, ಘಾತ, ಎಕ್ಸ್‌ಪೊನೆನ್ಶಿಯಲ್, ಫ್ಯಾಕ್ಟೋರಿಯಲ್: ಭಾಗಲಬ್ಧದ ಲಿಮಿಟ್‌ಗೆ ಯಾವ ದಾರಿ ಹಿಡಿಯೋದು?

10^n / n! ಅನ್ನೋ ಅನುಕ್ರಮ ತಗೊಳ್ಳಿ. n = 1 ಆದಾಗ ಬೆಲೆ 10. n = 5 ಆದಾಗ 833. n = 10 ಆದಾಗ 2,756. ಏರುತ್ತಾ ಏರುತ್ತಾ ಹೋಗುತ್ತಿದೆ, ಅನಂತಕ್ಕೇ ಹೋಗುತ್ತೆ ಅಂತ ಯಾರಿಗಾದರೂ ಅನ್ನಿಸುತ್ತೆ. ನಾನು ಓದುವಾಗ ಹೀಗೇ ನಾಲ್ಕೈದು ಬೆಲೆ ಹಾಕಿ ನೋಡಿ, ಉತ್ತರ ಬರೆದು, ಸೊನ್ನೆ ಅಂಕ ತಗೊಂಡಿದ್ದೆ. ತಮಾಷೆ ಅಂದರೆ ಸರಿಯಾದ ಉತ್ತರವೂ ಸೊನ್ನೆಯೇ. ಇನ್ನೂ ಸ್ವಲ್ಪ ಮುಂದೆ ಹೋಗಿದ್ದರೆ ಗೊತ್ತಾಗುತ್ತಿತ್ತು: n = 20ಕ್ಕೆ 41, n = 25ಕ್ಕೆ 0.64, n = 30ಕ್ಕೆ 0.004ಕ್ಕಿಂತ ಕಡಿಮೆ.

ಇಂಥ ಲೆಕ್ಕಗಳಿಗೆ ನಾಲ್ಕು ದಾರಿಗಳಿವೆ. ಬೆಳವಣಿಗೆಯ ಏಣಿ ನೋಡಿ ನೇರವಾಗಿ ಹೇಳುವುದು, ಅಕ್ಕಪಕ್ಕದ ಪದಗಳ ಅನುಪಾತ ತೆಗೆಯುವುದು, ಲಾಗ್ ತೆಗೆಯುವುದು, ಸ್ಟರ್ಲಿಂಗ್ ಸೂತ್ರ ಹಾಕುವುದು. ನಾಲ್ಕೂ ಸರಿಯೇ. ಆದರೆ ಒಂದು ಕಡೆ ಒಂದೇ ಸಾಲಲ್ಲಿ ಮುಗಿಸುವ ದಾರಿ ಇನ್ನೊಂದು ಕಡೆ ಏನೂ ಹೇಳದೆ ಕೈಚೆಲ್ಲುತ್ತೆ. ಯಾವಾಗ ಯಾವುದು ಅನ್ನೋದೇ ಇಲ್ಲಿನ ವಿಷಯ.

ಮೊದಲು ಏಣಿ

ಕೆಳಗಿನ ಮೆಟ್ಟಿಲಿಂದ ಮೇಲಕ್ಕೆ ಹೀಗಿದೆ:

ln n, n^p, c^n, n!, n^n

ಇಲ್ಲಿ p ಅಂದರೆ ಸೊನ್ನೆಗಿಂತ ದೊಡ್ಡದಾದ ಯಾವುದೇ ಸಂಖ್ಯೆ, c ಅಂದರೆ 1ಕ್ಕಿಂತ ದೊಡ್ಡದಾದ ಯಾವುದೇ ಸಂಖ್ಯೆ. ಕೆಳಗಿನ ಮೆಟ್ಟಿಲಿನದನ್ನು ಮೇಲಿನ ಮೆಟ್ಟಿಲಿನದರಿಂದ ಭಾಗಿಸಿದರೆ ಲಿಮಿಟ್ 0. ಉಲ್ಟಾ ಭಾಗಿಸಿದರೆ ಅನಂತ.

ಎರಡನೆಯದು ಮತ್ತು ಮೂರನೆಯದನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. n^5 ಅಂದರೆ ಘಾತ: n ಕೆಳಗಿದೆ, ಮೇಲಿರೋದು ಬದಲಾಗದ ಸಂಖ್ಯೆ. 5^n ಅಂದರೆ ಎಕ್ಸ್‌ಪೊನೆನ್ಶಿಯಲ್: n ಮೇಲೇರಿ ಕೂತಿದೆ. ಅಷ್ಟೇ ವ್ಯತ್ಯಾಸ, ಆದರೆ ಅಜಗಜಾಂತರ.

ಈ ಏಣಿಯನ್ನು ಬಾಯಿಪಾಠ ಮಾಡುವುದಕ್ಕಿಂತ, n ಒಂದು ಹೆಜ್ಜೆ ಮುಂದೆ ಹೋದಾಗ ಪ್ರತಿಯೊಂದೂ ಎಷ್ಟು ಪಟ್ಟು ದೊಡ್ಡದಾಗುತ್ತೆ ಅಂತ ನೋಡುವುದು ಒಳ್ಳೆಯದು. n^p ಒಂದು ಹೆಜ್ಜೆಗೆ (1 + 1/n)^p ಪಟ್ಟು ಆಗುತ್ತೆ. n ದೊಡ್ಡದಾದಂತೆ ಇದು 1ರ ಹತ್ತಿರ ಬರುತ್ತೆ. ಅಂದರೆ ಘಾತ ಬರಬರುತ್ತಾ ಸುಸ್ತಾಗುತ್ತೆ. c^n ಮಾತ್ರ ಪ್ರತಿ ಹೆಜ್ಜೆಗೂ c ಪಟ್ಟು, ಸುಸ್ತೇ ಇಲ್ಲ. n! ಒಂದು ಹೆಜ್ಜೆಗೆ n + 1 ಪಟ್ಟು ಆಗುತ್ತೆ, ಅದರ ವೇಗವೇ ಏರುತ್ತಾ ಹೋಗುತ್ತೆ. n! ಮತ್ತು n^n ನಡುವಿನ ಜಗಳ ಇನ್ನೂ ಸುಲಭ: n!/n^n ಅನ್ನು (1/n)(2/n)(3/n)...(n/n) ಅಂತ ಬಿಡಿಸಿ ಬರೆಯಿರಿ. ಮೊದಲನೆಯದು 1/n, ಉಳಿದ ಯಾವುದೂ 1ನ್ನು ಮೀರುವುದಿಲ್ಲ. ಹಾಗಾಗಿ ಇಡೀ ಗುಣಲಬ್ಧ 1/n ಒಳಗೇ ಇರುತ್ತೆ, ಸೊನ್ನೆಗೆ ಹೋಗುತ್ತೆ.

ಲಾಗ್ ಮತ್ತು ಘಾತದ ನಡುವೆ? n ಬದಲಿಗೆ e^m ಹಾಕಿ. ln n / n^p ಅನ್ನೋದು m / e^(pm) ಆಗುತ್ತೆ. ಇದು ವೇಷ ಬದಲಿಸಿ ಬಂದ ಘಾತ ಮತ್ತು ಎಕ್ಸ್‌ಪೊನೆನ್ಶಿಯಲ್ ಪೈಪೋಟಿಯೇ, ಬೇರೆ ಏನೂ ಅಲ್ಲ.

ಏಣಿಯೊಂದೇ ಸಾಕಾಗುವುದು ಯಾವಾಗ

ಅಂಶ ಮತ್ತು ಛೇದ ಎರಡೂ ಇಂಥ ಪದಗಳ ಮೊತ್ತವಾಗಿದ್ದರೆ ಬೇರೆ ಯಾವ ದಾರಿಯೂ ಬೇಡ. ಎರಡೂ ಕಡೆ ಸೇರಿ ಅತಿ ಎತ್ತರದ ಮೆಟ್ಟಿಲಿನ ಪದ ಹುಡುಕಿ, ಮೇಲೆ ಕೆಳಗೆ ಎರಡನ್ನೂ ಅದರಿಂದ ಭಾಗಿಸಿ. ಉದಾಹರಣೆಗೆ:

(4·3^n + n^20) / (3^(n+1) − 2^n)

ಅತಿ ದೊಡ್ಡದು 3^n. ಅದರಿಂದ ಭಾಗಿಸಿದರೆ ಅಂಶ 4 + n^20/3^n, ಛೇದ 3 − (2/3)^n. n^20/3^n ಸೊನ್ನೆಗೆ ಹೋಗುತ್ತೆ, (2/3)^n ಕೂಡ. ಲಿಮಿಟ್ 4/3.

ಇದರಲ್ಲಿ ಎರಡು ಕಡೆ ಎಚ್ಚರ ಬೇಕು. 3^(n+1) ಅನ್ನೋದು 3^n ಅಲ್ಲ, 3·3^n. ಆ 3 ಮರೆತರೆ ಉತ್ತರ 4 ಬರುತ್ತೆ. ಇನ್ನೊಂದು, ಸುಮ್ನೆ n = 10 ಹಾಕಿ ಪರೀಕ್ಷಿಸಲು ಹೋಗಬೇಡಿ. ಅಲ್ಲಿ n^20 ಅಂದರೆ 1ರ ಮುಂದೆ 20 ಸೊನ್ನೆ, 3^n ಅಂದರೆ ಬರೀ 59,049. "ಸೊನ್ನೆಗೆ ಹೋಗುತ್ತೆ" ಅಂದಿದ್ದ ಪದವೇ ಅಲ್ಲಿ ರಾಜ್ಯಭಾರ ಮಾಡುತ್ತಿರುತ್ತೆ.

ಮೆಟ್ಟಿಲು ಗುರುತಿಸುವಾಗ ಕಣ್ಣಿಗೆ ಮೋಸ ಮಾಡುವ ರೂಪಗಳೂ ಇವೆ. ln(n^5) ನೋಡಿದರೆ ಘಾತ ಅನ್ನಿಸಬಹುದು, ಆದರೆ ಅದು 5 ln n, ಲಾಗ್ ಮೆಟ್ಟಿಲಲ್ಲೇ ಇದೆ. 2^(2n) ಅಂದರೆ 4^n, ಅದು 2^n ಜೊತೆ ಒಂದೇ ಅಂತಸ್ತಿನಲ್ಲಿಲ್ಲ. 2^n ಮತ್ತು 3^n ಎರಡೂ "ಎಕ್ಸ್‌ಪೊನೆನ್ಶಿಯಲ್" ಆದರೂ 2^n/3^n ಸೊನ್ನೆಗೆ ಹೋಗುತ್ತೆ. ಅಂದರೆ ಪ್ರತಿ ಮೆಟ್ಟಿಲ ಒಳಗೂ ಸಣ್ಣ ಸಣ್ಣ ಮೆಟ್ಟಿಲುಗಳಿವೆ. ಇನ್ನು (2n)! ಅನ್ನು ನೋಡಿ "ಅದೂ ಫ್ಯಾಕ್ಟೋರಿಯಲ್ ತಾನೆ" ಅಂದುಕೊಂಡರೆ ಮುಗಿಯಿತು. ಅದು n!ಗಿಂತ ಮಾತ್ರವಲ್ಲ, n^nಗಿಂತಲೂ ಬಹಳ ಮೇಲಿದೆ.

ಗುಣಾಕಾರ ಶುರುವಾದರೆ ಅನುಪಾತ

ಏಣಿಗೆ ಕಷ್ಟ ಶುರುವಾಗೋದು ಮೊತ್ತದಲ್ಲಲ್ಲ, ಗುಣಲಬ್ಧದಲ್ಲಿ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು:

a_n = 2^n · n! / n^n

n^n ಏಣಿಯ ತುದಿಯಲ್ಲಿದೆ, ಸರಿ. ಆದರೆ ಅಂಶದಲ್ಲಿ n! ಒಬ್ಬನೇ ಬಂದಿಲ್ಲ, 2^n ಅನ್ನು ಜೊತೆಗೆ ಕರೆದುಕೊಂಡು ಬಂದಿದೆ. ಇಬ್ಬರೂ ಸೇರಿದರೆ n^n ಅನ್ನು ಮೀರಿಸುತ್ತಾರಾ? ಏಣಿ ಇದಕ್ಕೆ ಉತ್ತರ ಕೊಡುವುದಿಲ್ಲ. ಯಾಕೆಂದರೆ ಅದು n!ಗಿಂತ n^n ದೊಡ್ಡದು ಅಂತ ಹೇಳುತ್ತದೆಯೇ ಹೊರತು, ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ.

ಇಲ್ಲಿ ಅನುಪಾತ ತೆಗೆಯಬೇಕು. ನಿಯಮ ಸರಳ. ಧನ ಪದಗಳ ಅನುಕ್ರಮದಲ್ಲಿ a_(n+1)/a_n ಒಂದು ಸಂಖ್ಯೆ Lಗೆ ಹೋದರೆ, L < 1 ಆದಾಗ a_n ಸೊನ್ನೆಗೆ ಹೋಗುತ್ತೆ, L > 1 ಆದಾಗ ಅನಂತಕ್ಕೆ. (ಋಣ ಪದಗಳಿದ್ದರೆ ಚಿಹ್ನೆ ಬಿಟ್ಟು ಲೆಕ್ಕ ಹಾಕಿ. ಆಗ L < 1 ಬಂದರೆ ಸೊನ್ನೆ ಅನ್ನೋದು ಹಾಗೇ ಉಳಿಯುತ್ತೆ.) ಕಾರಣವೂ ಸರಳ: L ಅನ್ನೋದು 0.7 ಆಗಿದ್ದರೆ, ಒಂದು ಹಂತದ ನಂತರ ಪ್ರತಿ ಪದವೂ ಹಿಂದಿನದರ 0.8 ಪಟ್ಟಿಗಿಂತ ಕಡಿಮೆ ಇರುತ್ತೆ. 0.8ರಿಂದ ಗುಣಿಸುತ್ತಲೇ ಹೋದರೆ ಎಷ್ಟು ದೊಡ್ಡ ಸಂಖ್ಯೆಯಾದರೂ ಕರಗಲೇಬೇಕು.

ನಮ್ಮ ಲೆಕ್ಕಕ್ಕೆ ಬರೋಣ. n ಇದ್ದ ಕಡೆಯಲ್ಲೆಲ್ಲ n + 1 ಹಾಕಿ, ಹಳೆಯದರಿಂದ ಭಾಗಿಸಿ:

a_(n+1)/a_n = 2 · (n+1) · n^n / (n+1)^(n+1)

ಒಂದು n + 1 ಹೊಡೆದುಹೋಗುತ್ತೆ. ಉಳಿಯೋದು 2 · (n/(n+1))^n, ಅಂದರೆ 2 / (1 + 1/n)^n. ಛೇದ eಗೆ ಹೋಗುತ್ತೆ ಅಂತ ಗೊತ್ತೇ ಇದೆ. ಹಾಗಾಗಿ L = 2/e, ಸುಮಾರು 0.736. ಒಂದಕ್ಕಿಂತ ಕಡಿಮೆ, ಲಿಮಿಟ್ 0.

ಈಗ 2 ತೆಗೆದು 3 ಹಾಕಿ. L = 3/e, ಸುಮಾರು 1.104. ಲಿಮಿಟ್ ಅನಂತ! ಒಂದೇ ಅಂಕಿ ಬದಲಾಯಿಸಿದ್ದಕ್ಕೆ ಉತ್ತರ ತಲೆಕೆಳಗಾಯಿತು. ಅಂದರೆ n! ಮತ್ತು n^n ನಡುವಿನ ಅಂತರ ಹೆಚ್ಚುಕಡಿಮೆ e^nನಷ್ಟು. 2^n ಆ ಅಂತರ ತುಂಬಲಾರದು, 3^n ತುಂಬಿ ಮೀರುತ್ತೆ.

ಅನುಪಾತ ತೆಗೆಯುವಾಗ ಜಾಸ್ತಿ ಜನ ಎಡವುವ ಒಂದು ಜಾಗ ಇದೆ: (2n)! ಇದ್ದಾಗ ಮುಂದಿನ ಪದ (2n+1)! ಅಲ್ಲ. n ಜಾಗದಲ್ಲಿ n + 1 ಹಾಕಿದರೆ 2n ಅನ್ನೋದು 2n + 2 ಆಗುತ್ತೆ. ಅಂದರೆ (2n+2)! = (2n+2)(2n+1)(2n)!, ಎರಡು ಹೊಸ ಗುಣಕಗಳು. (n!)^2/(2n)! ಲೆಕ್ಕದಲ್ಲಿ ಅನುಪಾತ (n+1)^2 / ((2n+2)(2n+1)), ಲಿಮಿಟ್ 1/4. ಒಂದು ಗುಣಕ ಬಿಟ್ಟುಬಿಟ್ಟರೆ ಅನುಪಾತವೇ ಅನಂತಕ್ಕೆ ಓಡುತ್ತೆ. ಉತ್ತರ ಸೊನ್ನೆಯ ಬದಲು ಅನಂತ ಬಂದರೆ ಮೊದಲು ಇಲ್ಲೇ ಹುಡುಕಿ.

ಅನುಪಾತ 1 ಅಂದರೆ ಮೌನ

3 ಮತ್ತು 2ರ ನಡುವೆ ಸರಿಯಾಗಿ e ಹಾಕಿದರೆ? e^n · n! / n^n. ಅನುಪಾತ e/(1 + 1/n)^n, ಲಿಮಿಟ್ 1. ಇಲ್ಲಿ ಅನುಪಾತ ಬಾಯಿ ಮುಚ್ಚಿಕೊಳ್ಳುತ್ತೆ. "1 ಬಂತು, ಹಾಗಾದರೆ ಲಿಮಿಟ್ 1" ಅಂತ ಬರೆಯುವವರಿದ್ದಾರೆ, ಅದು ತಪ್ಪು. n, 1/n, 7 ಅನ್ನೋ ಸ್ಥಿರ ಅನುಕ್ರಮ, ಮೂರಕ್ಕೂ ಅನುಪಾತದ ಲಿಮಿಟ್ 1. ಮೂರರ ಕಥೆಯೂ ಬೇರೆ ಬೇರೆ.

ಅನುಪಾತ ಪ್ರತಿ ಹೆಜ್ಜೆಯಲ್ಲೂ 1ಕ್ಕಿಂತ ಕಡಿಮೆ ಇದೆ ಅಂತ ತೋರಿಸಿ ಸೊನ್ನೆ ಅಂತ ಬರೆಯುವುದೂ ಇದೇ ಜಾತಿಯ ತಪ್ಪು. 1 + 1/n ಇಳಿಯುತ್ತಲೇ ಹೋಗುತ್ತೆ, ಪ್ರತಿ ಅನುಪಾತವೂ 1ಕ್ಕಿಂತ ಕಡಿಮೆಯೇ. ಆದರೂ ಅದು ಹೋಗಿ ನಿಲ್ಲೋದು 1ರಲ್ಲಿ. ಕಡಿಮೆ ಇರಬೇಕಾದ್ದು ಅನುಪಾತದ ಲಿಮಿಟ್.

ಮೂರೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಹೀಗೆ ಕಾಣುತ್ತೆ:

| n | 2^n·n!/n^n | e^n·n!/n^n | 3^n·n!/n^n |
|---|---|---|---|
| 5 | 1.23 | 5.70 | 9.33 |
| 10 | 0.372 | 7.99 | 21.4 |
| 20 | 0.0243 | 11.26 | 80.9 |
| 50 | 0.0000039 | 17.75 | 2,458 |

ನಡುವಿನ ಕಾಲಂ ನೋಡಿ. ನಿಧಾನವಾಗಿ ಏರುತ್ತಿದೆ, ಆದರೆ ನಿಲ್ಲುತ್ತಾ, ಹಾಗೇ ಹೋಗುತ್ತಾ? ಇಲ್ಲಿಗೆ ಬೇಕಾದದ್ದು ಸ್ಟರ್ಲಿಂಗ್ ಸೂತ್ರ. ಜೇಮ್ಸ್ ಸ್ಟರ್ಲಿಂಗ್ 1730ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದ ಹೆಸರು ಇದು:

n! ≈ √(2πn) · (n/e)^n

ಎರಡೂ ಕಡೆಯ ಅನುಪಾತ 1ಕ್ಕೆ ಹೋಗುತ್ತೆ ಅನ್ನೋದು ಇದರ ಅರ್ಥ. n = 10ಕ್ಕೇ ತಪ್ಪು ಶೇಕಡಾ 1ಕ್ಕಿಂತ ಕಡಿಮೆ. ಇದನ್ನು ನಡುವಿನ ಕಾಲಂಗೆ ಹಾಕಿದರೆ (n/e)^n ಹೋಗಿ e^n ಮತ್ತು n^n ಜೊತೆ ಪೂರ್ತಿ ಹೊಡೆದುಹೋಗುತ್ತೆ. ಉಳಿಯೋದು √(2πn) ಒಂದೇ. ಲಿಮಿಟ್ ಅನಂತ, ಆದರೆ ವರ್ಗಮೂಲದ ಮಂದ ನಡಿಗೆಯಲ್ಲಿ. n = 50 ಹಾಕಿದರೆ √(2π·50) = 17.72, ಟೇಬಲ್‌ನಲ್ಲಿರೋದು 17.75.

ಮೇಲಿನ (n!)^2/(2n)! ಅನ್ನು ಉಲ್ಟಾ ಮಾಡಿ, ಆ (2n)!/(n!)^2 ಅನ್ನು 4^n ಇಂದ ಭಾಗಿಸಿದರೂ ಅನುಪಾತ 1 ಬಂದು ಸುಮ್ಮನಾಗುತ್ತೆ. ಸ್ಟರ್ಲಿಂಗ್ ಹಾಕಿದರೆ 1/√(πn) ಸಿಗುತ್ತೆ, ಅಂದರೆ ಸೊನ್ನೆ. n = 100ಕ್ಕೆ ನಿಜ ಬೆಲೆ 0.05635, ಸೂತ್ರದ ಬೆಲೆ 0.05642.

ಹಾಗಂತ ಎಲ್ಲಾ ಕಡೆ ಸ್ಟರ್ಲಿಂಗ್ ಎತ್ತಿಕೊಂಡು ಹೋಗಬೇಡಿ. 10^n/n!ಗೆ ಅನುಪಾತ 10/(n+1), ಒಂದೇ ಸಾಲಲ್ಲಿ ಸೊನ್ನೆ. ಅಲ್ಲಿ ಸ್ಟರ್ಲಿಂಗ್ ಬಳಸಿದರೆ ಉತ್ತರ ಸರಿಯೇ ಬರುತ್ತೆ, ಕೆಲಸ ಮಾತ್ರ ಮೂರು ಪಟ್ಟು. ಆ ಒಂದು ಸಾಲು ಇನ್ನೊಂದು ಗುಟ್ಟನ್ನೂ ಹೇಳುತ್ತೆ: n + 1 ಅನ್ನೋದು 10 ದಾಟುವವರೆಗೆ ಅನುಕ್ರಮ ಇಳಿಯುವುದಿಲ್ಲ. 100^n/n! ಆದರೆ 100ನೇ ಪದದವರೆಗೆ ಕಾಯಬೇಕು. ಅಷ್ಟೊತ್ತಿಗೆ ಬೆಲೆ 1ರ ಮುಂದೆ 42 ಸೊನ್ನೆಯಷ್ಟು ಆಗಿರುತ್ತೆ. 1ಕ್ಕಿಂತ ಕೆಳಗೆ ಬರೋದು n = 269ರಲ್ಲಿ.

n ಮೇಲಿದೆ, ಆದರೆ ನೇರವಾಗಿಲ್ಲ: ಲಾಗ್ ತೆಗೆಯಿರಿ

2^(√n) / n^100. ಇದು ಏಣಿಯ ಯಾವ ಮೆಟ್ಟಿಲಲ್ಲೂ ಇಲ್ಲ, ಎರಡು ಮೆಟ್ಟಿಲುಗಳ ಮಧ್ಯೆ ನೇತಾಡುತ್ತಿದೆ. ಅನುಪಾತ ತೆಗೆದು ನೋಡಿ: √(n+1) − √n ಸೊನ್ನೆಗೆ ಹೋಗುವುದರಿಂದ 2ರ ಭಾಗ 1ಕ್ಕೆ ಹೋಗುತ್ತೆ, ಘಾತದ ಭಾಗವೂ 1ಕ್ಕೇ. ಮತ್ತೆ ಮೌನ.

ಲಾಗ್ ತೆಗೆದರೆ √n · ln 2 − 100 ln n. ಇದರಿಂದ √n ಹೊರಗೆ ತೆಗೆಯಿರಿ: √n (ln 2 − 100 ln n/√n). ಏಣಿಯ ಮೊದಲ ಮೆಟ್ಟಿಲು ಹೇಳೋದೇ ln n/√n ಸೊನ್ನೆಗೆ ಹೋಗುತ್ತೆ ಅಂತ. ಆವರಣದ ಒಳಗೆ ಉಳಿಯೋದು ln 2, ಹೊರಗೆ √n. ಲಾಗ್ ಅನಂತಕ್ಕೆ ಹೋಗುತ್ತೆ, ಹಾಗಾಗಿ ಮೂಲ ಅನುಕ್ರಮವೂ ಅನಂತಕ್ಕೆ. (ಲಾಗ್ −∞ಗೆ ಹೋದರೆ ಮೂಲ ಸೊನ್ನೆಗೆ. ಲಾಗ್ ಸೊನ್ನೆಗೆ ಹೋದರೆ ಮೂಲ 1ಕ್ಕೆ.) 2^(√n) ನಿಜವಾಗಿ n^100 ಅನ್ನು ದಾಟೋದು n ಸುಮಾರು 50 ಲಕ್ಷದ ಹತ್ತಿರ ಬಂದ ಮೇಲೆ.

ಲಾಗ್ ದಾರಿಯಲ್ಲಿ ಒಂದು ದೊಡ್ಡ ಗುಂಡಿ ಇದೆ, ಜಾಣರೂ ಬೀಳುತ್ತಾರೆ. "ln(n!) ಸುಮಾರು n ln n" ಅಂತ ಎಲ್ಲೋ ಓದಿರುತ್ತೀರಿ. ಅದು ಸುಳ್ಳಲ್ಲ, ಎರಡರ ಅನುಪಾತ 1ಕ್ಕೆ ಹೋಗುತ್ತೆ. ಅದನ್ನೇ ನಂಬಿ 2^n·n!/n^nಗೆ ಲಾಗ್ ತೆಗೆದರೆ n ln 2 + n ln n − n ln n = n ln 2, ಅನಂತ ಅಂತ ಬರುತ್ತೆ. ಟೇಬಲ್ ನೋಡಿದರೆ ಆ ಕಾಲಂ ಸೊನ್ನೆಗೆ ಓಡುತ್ತಿದೆ. ತಪ್ಪಿದ್ದೆಲ್ಲಿ? ನಿಜವಾದ ಬೆಲೆ n ln n − n + ಸಣ್ಣಪುಟ್ಟದ್ದು. n ln n ಮುಂದೆ ಆ −n ಚಿಕ್ಕದಾಗಿ ಕಾಣುತ್ತೆ ಅಂತ ಬಿಟ್ಟೆವು. ಆದರೆ n ln n ಎರಡೂ ಕಡೆ ಹೊಡೆದುಹೋದ ಮೇಲೆ ಆಟ ಆಡೋದೇ ಆ −n. ಅದನ್ನು ವಾಪಸ್ ಹಾಕಿದರೆ n(ln 2 − 1), ಅಂದರೆ ಋಣ, ಲಿಮಿಟ್ ಸೊನ್ನೆ. ಲಾಗ್‌ನಲ್ಲಿ n ಬಿಟ್ಟರೆ ಮೂಲದಲ್ಲಿ e^n ಬಿಟ್ಟ ಹಾಗೆ. ಹಾಗಾಗಿ ಕಳೆಯುವ ಜಾಗದಲ್ಲಿ "ಸುಮಾರು" ಹಾಕುವ ಮುಂಚೆ, ದೊಡ್ಡ ಪದಗಳು ಹೊಡೆದುಹೋಗುತ್ತವೆಯಾ ಅಂತ ನೋಡಿ.

ಲೋಪಿತಾಲ್ ನಿಯಮ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ln n/√n ಥರದ್ದಕ್ಕೆ n ಬದಲು x ಹಾಕಿ ಬಳಸಬಹುದು, ಚೆನ್ನಾಗೇ ಕೆಲಸ ಮಾಡುತ್ತೆ. x^100/2^x ಆದರೆ ನೂರು ಸಲ ಡಿಫರೆನ್ಶಿಯೇಟ್ ಮಾಡಬೇಕು. ಅದರ ಬದಲು ಅನುಪಾತ (1 + 1/n)^100 / 2, ಲಿಮಿಟ್ 1/2, ಮುಗಿಯಿತು. n! ಇದ್ದರಂತೂ ಲೋಪಿತಾಲ್ ಕಡೆ ತಿರುಗಿಯೂ ನೋಡಬೇಡಿ. ಅದು ಪೂರ್ಣಸಂಖ್ಯೆಗಳಿಗೆ ಮಾತ್ರ ಇರುವಂಥದ್ದು, ಡಿಫರೆನ್ಶಿಯೇಟ್ ಮಾಡಲು ಅಲ್ಲಿ ಏನೂ ಇಲ್ಲ.

ನಾನು ಹಿಡಿಯುವ ಕ್ರಮ ಹೀಗೆ. ಮೊತ್ತವಿದ್ದರೆ ಏಣಿ. ಫ್ಯಾಕ್ಟೋರಿಯಲ್ ಅಥವಾ c^n ಗುಣಾಕಾರದಲ್ಲಿದ್ದರೆ ಅನುಪಾತ. ಘಾತಾಂಕದಲ್ಲಿ √n, ln n ಥರದ್ದು ಕಂಡರೆ ನೇರವಾಗಿ ಲಾಗ್. ಅನುಪಾತ 1 ಬಂದು, ಒಳಗೆ ಫ್ಯಾಕ್ಟೋರಿಯಲ್ ಇದ್ದರೆ ಮಾತ್ರ ಸ್ಟರ್ಲಿಂಗ್.

ಕ್ಯಾಲ್ಕುಲೇಟರ್ ಎಷ್ಟು ನಂಬಬಹುದು

ಮೇಲಿನ ಮೆಟ್ಟಿಲುಗಳಲ್ಲಿ ಕ್ಯಾಲ್ಕುಲೇಟರ್ ಸ್ವಲ್ಪ ತಡವಾಗಿಯಾದರೂ ನಿಜ ಹೇಳುತ್ತೆ. n^10/2^n ಅನ್ನೋದು n = 14ರಲ್ಲಿ 1 ಕೋಟಿ 76 ಲಕ್ಷಕ್ಕೆ ಏರಿ, n = 59ರಲ್ಲಿ 1ಕ್ಕಿಂತ ಕೆಳಗೆ ಬರುತ್ತೆ. ಅಷ್ಟು ದೂರ ಯಾರು ಬೇಕಾದರೂ ಹೋಗಬಹುದು.

ಕೆಳಗಿನ ಮೆಟ್ಟಿಲಲ್ಲಿ ಆ ಮಾತು ನಡೆಯುವುದಿಲ್ಲ. ln n / n^0.1 ತಗೊಳ್ಳಿ. ಏಣಿ ಪ್ರಕಾರ ಸೊನ್ನೆ. n = 1,000ಕ್ಕೆ ಬೆಲೆ 3.46. n = 10 ಲಕ್ಷಕ್ಕೆ 3.47. ಸಾವಿರ ಪಟ್ಟು ಮುಂದೆ ಹೋದರೂ ಅಲುಗಾಡಿಲ್ಲ, 3.5ರ ಹತ್ತಿರ ಲಿಮಿಟ್ ಇದೆ ಅಂತ ಯಾರಾದರೂ ಪ್ರಮಾಣ ಮಾಡಿ ಹೇಳಬಹುದು. ನಿಜ ಏನಂದರೆ, ನಡುವೆ n ಸುಮಾರು 22,026 ಇದ್ದಾಗ (ಅದು e^10) ಅದು 3.68ಕ್ಕೆ ಏರಿ, ಮತ್ತೆ ಇಳಿಯಲು ಶುರು ಮಾಡಿದೆ. ನಮ್ಮ ಎರಡು ಬೆಲೆಗಳು ಗುಡ್ಡದ ಆಚೆ ಈಚೆ ಒಂದೇ ಎತ್ತರದಲ್ಲಿ ಸಿಕ್ಕಿಬಿದ್ದಿವೆ, ಅಷ್ಟೇ. n = 10^10 ಆದಾಗ 2.30. 1ಕ್ಕಿಂತ ಕೆಳಗೆ ಬರಲು n ಸುಮಾರು 3.4 × 10^15 ದಾಟಬೇಕು. n = 10^20ರಲ್ಲಿ 0.46, n = 10^100ರಲ್ಲಿ 0.000000023.